ಮೆಣಸು ಹಳದಿ ಔಷಧಿ

(ಚಿಕ್ಕಮಗಳೂರಿನಲ್ಲಿ ಬೆಳೆಗಾರರಿಗೂ ಕ್ಷೇತ್ರ ಸಹಾಯಕರಿಗೂ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ತೋಟದ ರೋಗಗಳ ಬಗ್ಗೆ ಕೇಳುವವರಿಗೆ ಫೋನಿನಲ್ಲಿ ಉತ್ತರ ಹೇಳುವುದು ನನ್ನ ಕೆಲಸ. ಒಂದು ನವೆಂಬರ್‌ನಲ್ಲಿ ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರಿಂದ ವಾಟ್ಸಾಪ್ ಬಂತು. ನಮಸ್ಕಾರವಿಲ್ಲ, ಹೆಸರಿಲ್ಲ, ಇದ್ದದ್ದು ಇಷ್ಟೇ: "ಮೆಣಸು ಹಳದಿ ಔಷಧಿ 15 ಲೀಟರ್".

ಇದು ಗೂಗಲ್‌ನಲ್ಲಿ ಹುಡುಕಿ ಹುಡುಕಿ ಬಂದ ಅಭ್ಯಾಸ. ಅಲ್ಲಿ ಹೀಗೆ ಬರೆದರೆ ನಷ್ಟವೇನಿಲ್ಲ. ಆ ಪದಗಳಿರುವ ಹತ್ತಾರು ಪುಟಗಳು ಬರುತ್ತವೆ, ತನ್ನ ತೋಟಕ್ಕೆ ಹೊಂದುವುದನ್ನು ಬೆಳೆಗಾರನೇ ಆರಿಸಿಕೊಳ್ಳುತ್ತಾನೆ. ಆದರೆ ಫೋನಿನ ಈಚೆ ಕಡೆ ಕೂತವನು ಒಂದೇ ಉತ್ತರ ಕೊಡಬೇಕು. ಅವನಿಗೆ ತೋಟ ಕಾಣುವುದಿಲ್ಲ.

ಕನ್ನಡದಲ್ಲಿ ಈ ಅಭ್ಯಾಸಕ್ಕೆ ಇನ್ನೊಂದು ಪೆಟ್ಟಿದೆ. ನಮ್ಮಲ್ಲಿ ಯಾವುದಕ್ಕೆ ಏನಾಯಿತು ಅನ್ನುವುದನ್ನು ಹೇಳುವುದೇ ಪ್ರತ್ಯಯ. ಅದನ್ನು ಕಿತ್ತರೆ ಪದ ಉಳಿಯುತ್ತದೆ, ಪ್ರಶ್ನೆ ಹೋಗುತ್ತದೆ. "ಮೆಣಸು ಹಳದಿಯಾಗಿದೆ, ಅದಕ್ಕೆ ಔಷಧಿ ಹೇಳಿ" ಅನ್ನುವುದೂ ಈ ಮೂರು ಪದಗಳೇ. "ಔಷಧಿ ಹೊಡೆದ ಮೇಲೆ ಮೆಣಸು ಹಳದಿಯಾಯಿತು" ಅನ್ನುವುದೂ ಅವೇ. ಮೊದಲನೆಯವನಿಗೆ ಹೊಡೆಯಿರಿ ಅನ್ನಬೇಕಾದೀತು, ಎರಡನೆಯವನಿಗೆ ನಿಲ್ಲಿಸಿ ಅನ್ನಬೇಕು. ಇನ್ನು ಹಾಸನದ ಬಯಲುಸೀಮೆ ಕಡೆಯಿಂದ ಬಂದಿದ್ದರೆ ಅದು ಮೆಣಸಿನಕಾಯಿ ಗಿಡವೇ ಇರಬಹುದು!

ಹಾಗಂತ "ಸರಿಯಾಗಿ ಬರೆಯಿರಿ" ಅಂತ ಗದರಿಸಬಾರದು. ಹತ್ತು ಪ್ರಶ್ನೆಯ ಪಟ್ಟಿ ಕಳಿಸಿದರೂ ಆ ಮನುಷ್ಯ ಮತ್ತೆ ಬರುವುದಿಲ್ಲ, ಸೀದಾ ಔಷಧಿ ಅಂಗಡಿಗೆ ಹೋಗುತ್ತಾನೆ. ಯಾವ ಪ್ರಶ್ನೆಯ ಉತ್ತರದಿಂದ ಕಾರಣಗಳು ಬೇರೆ ಬೇರೆಯಾಗುತ್ತವೋ ಅದನ್ನು ಮಾತ್ರ ಕೇಳಬೇಕು. ನಾನು ಮೂರು ಕೇಳಿದೆ. ಹಳದಿ ಯಾವಾಗ ಶುರುವಾಯಿತು? ಹಳೆ ಎಲೆಯೋ, ಚಿಗುರೋ? ಬಳ್ಳಿಗಳೆಲ್ಲ ಒಟ್ಟಿಗೋ, ಒಂದು ಕಡೆ ಮಾತ್ರವೋ? "ಬರೆಯೋದು ಬೇಡ ಯಜಮಾನ್ರೇ, ಮಾತಾಡಿ ಕಳಿಸಿ" ಅಂದೆ. ಬಾಯಲ್ಲಿ ಹೇಳುವಾಗ ಪ್ರತ್ಯಯ ತಾನಾಗಿಯೇ ಬರುತ್ತದೆ, ನೋಡಿ.

ಯಾಕೆ ಈ ಮೂರೇ? ಮಳೆಗಾಲದ ನಡುವೆ ಎಲೆಯ ಮೇಲೆ ಕಪ್ಪು ಮಚ್ಚೆ ಬಿದ್ದು, ಬುಡ ಕೊಳೆತು, ಕೆಲವೇ ವಾರದಲ್ಲಿ ಬಳ್ಳಿ ಸತ್ತರೆ ಅದು ಶೀಘ್ರ ಸೊರಗು ರೋಗ. ಮಳೆ ನಿಂತು ಮಣ್ಣಿನ ತೇವ ಇಳಿಯುವಾಗ ಹಳದಿ ಶುರುವಾಗಿ, ಮುಂದಿನ ಮಳೆಗೆ ಸ್ವಲ್ಪ ಹಸಿರಾಗಿ, ಮತ್ತೆ ಸೊರಗಿದರೆ ನಿಧಾನ ಸೊರಗು. ಅದರಲ್ಲಿ ಬೇರಿಗೆ ಹತ್ತಿದ ಜಂತುಹುಳುವಿನ ಕೈವಾಡ ದೊಡ್ಡದು. ಚಿಗುರಷ್ಟೇ ಬಿಳಿಚಿ ಎಲೆ ಸಣ್ಣದಾದರೆ ಸತುವಿನ ಕೊರತೆಯ ಕಡೆ ನೋಡಬೇಕು.

ಅವರ ಧ್ವನಿ ಬಂತು. "ದೀಪಾವಳಿ ಹೊತ್ತಿಗೆ ಶುರುವಾಯ್ತು ಸಾರ್. ಕೆಳಗಿನ ಎಲೆ ಮೊದಲು. ಹೋದ ವರ್ಷಾನೂ ಹಿಂಗೇ ಆಗಿ, ಮಳೆಗೆ ಚೇತರಿಸ್ಕೊಂಡಿತ್ತು. ಬಾಳೆ ಇರೋ ಪಟ್ಟೇಲಿ ಮಾತ್ರ, ಒಂದಿಪ್ಪತ್ತು ಬಳ್ಳಿ." ಬಾಳೆಯ ಮಾತು ನಾನು ಕೇಳಿರಲಿಲ್ಲ. ಮೆಣಸಿನ ಬೇರು ಕೊರೆಯುವ ಒಂದು ಜಂತುಹುಳು ಬಾಳೆಯ ಬೇರಿನಲ್ಲೂ ಬದುಕುತ್ತದೆ. ಮೂರೇ ಪದ ಬರೆದಿದ್ದವರು ಬಾಯಿ ಬಿಟ್ಟಾಗ ಅದು ತಾನಾಗಿಯೇ ಬಂತು.

ಈಗ ಅವರ ಪ್ರಶ್ನೆಯನ್ನು ನಾನೇ ಬರೆದು ವಾಪಸು ಕಳಿಸಿದೆ: "ಬಾಳೆಯ ಪಟ್ಟಿಯಲ್ಲಿರುವ ಸುಮಾರು ಇಪ್ಪತ್ತು ಮೆಣಸಿನ ಬಳ್ಳಿಗಳು ಎರಡನೇ ವರ್ಷವೂ ಮಳೆ ನಿಂತ ಮೇಲೆ ಕೆಳಗಿನಿಂದ ಹಳದಿಯಾಗುತ್ತಿವೆ. ಬೇರಿನಲ್ಲಿ ಜಂತುಹುಳು ಇದೆಯೇ, ಇಲ್ಲಾ ಸಾರಜನಕ ಸಾಲದೇ? ಹೇಗೆ ತಿಳಿಯುವುದು? ಇದು ನಿಮ್ಮ ಪ್ರಶ್ನೆಯೇ?" ಕೊನೆಯ ವಾಕ್ಯ ಬಿಡಬಾರದು. ನಮ್ಮ ಊಹೆಯನ್ನು ಅವರ ಬಾಯಿಗೆ ತುರುಕಿಬಿಡುವುದು ಬಹಳ ಸುಲಭ, ನಾನೂ ಮಾಡಿದ್ದೇನೆ.

"ಹೌದು ಸಾರ್, ಆದ್ರೆ 15 ಲೀಟರ್ ಪಂಪಿಗೆ ಎಷ್ಟು ಹಾಕ್ಲಿ?" ಅಂದರು. ಮೊದಲ ಸಂದೇಶದಲ್ಲಿ ಅಡಗಿದ್ದ ತೀರ್ಮಾನ ಅದು: ಎಲೆಗೆ ಹೊಡೆಯಬೇಕು ಅಂತ ಅವರು ಆಗಲೇ ನಿಶ್ಚಯಿಸಿದ್ದರು. ತೊಂದರೆ ಬೇರಿನಲ್ಲಿದ್ದರೆ ಎಲೆಗೆ ಹೊಡೆದ ಔಷಧಿ ದುಡ್ಡು ದಂಡ. ಹಾಗಾಗಿ ಪ್ರಮಾಣ ಹೇಳಲಿಲ್ಲ. ಒಂದು ಹಳದಿ ಬಳ್ಳಿಯ ಬುಡದಲ್ಲಿ ಮೆಲ್ಲಗೆ ಮಣ್ಣು ಬಿಡಿಸಿ, ಸಣ್ಣ ಬೇರು ತೊಳೆದು, ಫೋಟೋ ಕಳಿಸಲು ಹೇಳಿದೆ. ಹಸಿರಾಗಿರುವ ಬಳ್ಳಿಯದೂ ಒಂದು, ಹೋಲಿಸಿ ನೋಡಲು.

ಹಳದಿ ಬಳ್ಳಿಯ ಬೇರು ತುಂಬ ಗಂಟು, ಅಲ್ಲಲ್ಲಿ ಕೊಳೆ, ಹಸಿರಿನದು ನೀಟಾಗಿತ್ತು. ಗಂಟು ಒಂದು ಜಾತಿಯ ಜಂತುಹುಳುವಿನ ಗುರುತು. ಬಾಳೆಯಲ್ಲೂ ಇರುವ ಆ ಕೊರೆಯುವ ಹುಳು ಗಂಟು ಮಾಡುವುದಿಲ್ಲ, ಬೇರನ್ನು ಕೊಳೆಸುತ್ತದೆ. ಎರಡೂ ಇವೆಯೇ ಅನ್ನುವುದು ಫೋಟೋದಿಂದ ತೀರ್ಮಾನವಾಗುವುದಿಲ್ಲ. ಬೇರಿನ ಜೊತೆ ಬುಡದ ಹಸಿ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲಿಗಿಡದೆ ಲ್ಯಾಬಿಗೆ ಕೊಡಿ ಅಂದೆ. ಒಣಗಿದರೆ ಹುಳು ಸತ್ತು ಪರೀಕ್ಷೆಗೆ ಸಿಗುವುದಿಲ್ಲ. ಚೀಲದ ಮೇಲೆ ಅಂಟಿಸಲು ಚೀಟಿಗೆ ಏನು ಬರೆಯಲಿ ಅಂತ ಕೇಳಿದರು. ನಾನು ಕಳಿಸಿದ್ದ ಪ್ರಶ್ನೆಯನ್ನೇ ಬರೆಯಿರಿ ಅಂದೆ.