ಎರಡು ಪ್ರಶ್ನೆಪತ್ರಿಕೆ, ಒಂದೇ ತೂಕದ ಲೆಕ್ಕ

ಶ್ರೋತೃಗಳಿಗೆ ನಮಸ್ಕಾರ. ಪದವಿಪೂರ್ವ ತರಗತಿಗಳಲ್ಲಿ ಭೌತಶಾಸ್ತ್ರ ಬೋಧಿಸುವ ಅಧ್ಯಾಪಕ ಮಿತ್ರರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಆಡುತ್ತಿದ್ದೇನೆ. ಅಕ್ಕಪಕ್ಕ ಕುಳಿತವರು ನೋಡಿ ಬರೆಯದಿರಲೆಂದು ನಾವು ಎ ಮತ್ತು ಬಿ ಎಂದು ಎರಡು ಪ್ರಶ್ನೆಪತ್ರಿಕೆಗಳನ್ನು ತಯಾರಿಸುತ್ತೇವೆ. ಲೆಕ್ಕದ ವಾಕ್ಯಗಳನ್ನು ಹಾಗೆಯೇ ಉಳಿಸಿಕೊಂಡು ಕೊಟ್ಟಿರುವ ಬೆಲೆಗಳನ್ನಷ್ಟೇ ತಿದ್ದುತ್ತೇವೆ. ಹಾಗೆ ತಿದ್ದುವಾಗ ಅಂಕಿ ಬದಲಾಗಲಿ, ಲೆಕ್ಕ ಮಾಡುವ ದಾರಿ ಮಾತ್ರ ಬದಲಾಗಬಾರದು.

ಒಂದು ಕಾಲೇಜಿನ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ನೋಡುವ ಅವಕಾಶ ನನಗೆ ಒಮ್ಮೆ ಒದಗಿತ್ತು. ಎ ಪತ್ರಿಕೆಯಲ್ಲಿ 20 ಸೆಂಟಿಮೀಟರ್ ಸಂಗಮ ದೂರದ ಪೀನ ಮಸೂರದ ಮುಂದೆ 30 ಸೆಂಟಿಮೀಟರ್ ದೂರದಲ್ಲಿ ಉರಿಯುವ ಮೇಣದಬತ್ತಿಯನ್ನು ಇಟ್ಟು, ಸ್ಪಷ್ಟ ಪ್ರತಿಬಿಂಬ ಮೂಡಬೇಕಾದರೆ ಪರದೆಯನ್ನು ಎಲ್ಲಿಡಬೇಕೆಂದು ಕೇಳಿದ್ದರು. ಉತ್ತರ 60 ಸೆಂಟಿಮೀಟರ್. ಬಿ ಪತ್ರಿಕೆ ತೆಗೆದವರು ಮಸೂರವನ್ನು ಹಾಗೆಯೇ ಬಿಟ್ಟು, 30 ಇದ್ದದ್ದನ್ನು ಅರ್ಧ ಮಾಡಿ 15 ಎಂದು ಬರೆದರು. ಈಗ ಮೇಣದಬತ್ತಿ ಸಂಗಮ ಬಿಂದುವಿಗಿಂತ ಒಳಗೆ ಬಂದಿತು, ಸತ್ಯ ಪ್ರತಿಬಿಂಬದ ಬದಲು ಮಿಥ್ಯ ಪ್ರತಿಬಿಂಬ ಉಂಟಾಯಿತು, ಪರದೆಯನ್ನು ಎಲ್ಲಿಟ್ಟರೂ ಅದರ ಮೇಲೆ ಏನೂ ಮೂಡದು! ಸೂತ್ರಕ್ಕೆ ಬೆಲೆಗಳನ್ನು ತುಂಬಿದರೆ ಬರುವುದು ಋಣ 60. ಹಲವರು ಋಣ ಚಿಹ್ನೆಯನ್ನು ಹೊಡೆದುಹಾಕಿ 60 ಎಂದಷ್ಟೇ ಬರೆದಿದ್ದರು. ಚೆನ್ನಾಗಿ ಓದಿಕೊಂಡವರೇ ಹೆಚ್ಚು ತೊಂದರೆಗೆ ಸಿಕ್ಕಿದ್ದರು; ತಮ್ಮ ಲೆಕ್ಕವೇ ತಪ್ಪಿರಬೇಕೆಂದು ಎರಡೆರಡು ಸಲ ಮಾಡಿ, ಮುಂದಿನ ಪ್ರಶ್ನೆಗೆ ಇಟ್ಟುಕೊಂಡಿದ್ದ ಸಮಯವನ್ನು ಅಲ್ಲಿಯೇ ಕಳೆದಿದ್ದರು. ಪತ್ರಿಕೆ ತೆಗೆದವರನ್ನು ಕೇಳಿದರೆ, "ಒಂದು ಅಂಕಿ ತಾನೇ ಬದಲಾಯಿಸಿದ್ದು" ಎಂದರು. ಬದಲಾದದ್ದು ಅಂಕಿಯಲ್ಲ ಸ್ವಾಮಿ, ಲೆಕ್ಕವೇ.

ಹಾಗಾದರೆ ಬೆಲೆಗಳನ್ನು ಆರಿಸುವುದು ಹೇಗೆ? ಉತ್ತರದ ಕಡೆಯಿಂದ ಹಿಂದಕ್ಕೆ ಬರಬೇಕು. ಪ್ರತಿಬಿಂಬವು ವಸ್ತುವಿನ ಎರಡು ಪಟ್ಟು ದೊಡ್ಡದಾಗಿ ಪರದೆಯ ಮೇಲೆ ಮೂಡಲಿ ಎಂದು ಮೊದಲೇ ನಿಶ್ಚಯಿಸಿಕೊಳ್ಳಿ. ಆಗ ವಸ್ತು ದೂರವು ಸಂಗಮ ದೂರದ ಒಂದೂವರೆ ಪಟ್ಟು, ಪ್ರತಿಬಿಂಬ ದೂರವು ಮೂರು ಪಟ್ಟು ಆಗಲೇಬೇಕು. ಎ ಪತ್ರಿಕೆಯ ಸಂಗಮ ದೂರ 20 ಆಗಿದ್ದರೆ ವಸ್ತು 30ರಲ್ಲಿ, ಪರದೆ 60ರಲ್ಲಿ. ಬಿ ಪತ್ರಿಕೆಗೆ ಸಂಗಮ ದೂರ 16 ಎಂದು ತೆಗೆದುಕೊಂಡರೆ ವಸ್ತು 24ರಲ್ಲಿ, ಪರದೆ 48ರಲ್ಲಿ. ಎರಡರಲ್ಲಿಯೂ ಭಿನ್ನರಾಶಿಗಳ ಛೇದ ಸಮ ಮಾಡಿದಾಗ ಅಂಶದಲ್ಲಿ ಮೂರರಿಂದ ಎರಡು ಕಳೆಯುವುದಷ್ಟೇ ಉಳಿಯುತ್ತದೆ. ಇದರ ಬದಲು 17 ಮತ್ತು 29 ಎಂದು ಕೊಟ್ಟು ನೋಡಿ: 493ನ್ನು 12ರಿಂದ ಭಾಗಿಸಬೇಕಾಗುತ್ತದೆ. ಕ್ಯಾಲ್ಕುಲೇಟರ್ ಇಲ್ಲದ ಪರೀಕ್ಷೆಯಲ್ಲಿ ಅದು ಭೌತಶಾಸ್ತ್ರದ ಪ್ರಶ್ನೆಯಾಗಿ ಉಳಿಯುವುದಿಲ್ಲ. ವಸ್ತುವನ್ನು ಸಂಗಮ ದೂರದ ಸರಿಯಾಗಿ ಎರಡು ಪಟ್ಟು ದೂರದಲ್ಲಿಯೂ ಇಡಬೇಡಿ; ಅಲ್ಲಿ ಪ್ರತಿಬಿಂಬವೂ ಅಷ್ಟೇ ದೂರದಲ್ಲಿರುತ್ತದೆ ಎಂಬುದನ್ನು ಬಾಯಿಪಾಠ ಮಾಡಿದವರು ಲೆಕ್ಕವನ್ನೇ ಮಾಡದೆ ಉತ್ತರ ಬರೆಯುತ್ತಾರೆ.

ಸಮಯ ಕಡಿಮೆಯಿದೆ, ಆದರೂ ಅಂಕಿ ಎರಡರ ಬಗ್ಗೆ ಹೇಳದೆ ಮುಗಿಸಲಾರೆ. ಕಲ್ಲೊಂದು ನಿಶ್ಚಲ ಸ್ಥಿತಿಯಿಂದ 2 ಸೆಕೆಂಡು ಬಿದ್ದರೆ ಎಷ್ಟು ದೂರ ಎಂದು ಎ ಪತ್ರಿಕೆ ಕೇಳುತ್ತದೆ, 3 ಸೆಕೆಂಡು ಬಿದ್ದರೆ ಎಷ್ಟೆಂದು ಬಿ ಪತ್ರಿಕೆ ಕೇಳುತ್ತದೆ. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ ಉತ್ತರಗಳು 20 ಮೀಟರ್ ಮತ್ತು 45 ಮೀಟರ್. ಕಾಲವನ್ನು ವರ್ಗ ಮಾಡುವ ಬದಲು ಎರಡರಿಂದ ಗುಣಿಸಿದ ವಿದ್ಯಾರ್ಥಿಗೆ ಎ ಪತ್ರಿಕೆಯಲ್ಲಿ 20 ಮೀಟರ್ ಎಂಬ ಸರಿ ಉತ್ತರವೇ ಸಿಗುತ್ತದೆ, ಏಕೆಂದರೆ ಎರಡರ ವರ್ಗವೂ ನಾಲ್ಕು, ಎರಡರ ಎರಡರಷ್ಟೂ ನಾಲ್ಕು. ಅದೇ ತಪ್ಪು ಮಾಡಿದ ಬಿ ಪತ್ರಿಕೆಯವನಿಗೆ 30 ಬರುತ್ತದೆ, ಅಂಕ ಹೋಗುತ್ತದೆ. ವರ್ಗ ಬರುವ ಕಡೆ ಎರಡನ್ನೂ ಒಂದನ್ನೂ ದೂರವಿಡಿ. 3 ಮತ್ತು 4 ಕೊಡಿ.

ಘರ್ಷಣೆಯ ಲೆಕ್ಕಗಳಲ್ಲಿಯೂ ಮಸೂರದ ಕಥೆಯೇ. 5 ಕಿಲೋಗ್ರಾಂ ಪೆಟ್ಟಿಗೆ, ಘರ್ಷಣಾ ಗುಣಾಂಕ 0.4, ತಡೆಯುವ ಬಲದ ಮಿತಿ 20 ನ್ಯೂಟನ್. ಎ ಪತ್ರಿಕೆಯಲ್ಲಿ 25 ನ್ಯೂಟನ್ ಬಲದಿಂದ ಎಳೆದರೆ ಪೆಟ್ಟಿಗೆ ಚಲಿಸುತ್ತದೆ, ಬಿ ಪತ್ರಿಕೆಯಲ್ಲಿ 15 ನ್ಯೂಟನ್ ಎಂದು ಬರೆದರೆ ಅದು ಕದಲುವುದೇ ಇಲ್ಲ. 25ರ ಜೊತೆಗೆ 30 ಕೊಡಿ, ದಾರಿ ಬದಲಾಗುವುದಿಲ್ಲ.

ಪತ್ರಿಕೆಗಳನ್ನು ಮುದ್ರಣಕ್ಕೆ ಕಳುಹಿಸುವ ಮುನ್ನ ಸಹೋದ್ಯೋಗಿಯೊಬ್ಬರಿಂದ ಎರಡನ್ನೂ ಬಿಡಿಸಿ, ಹಂತಗಳನ್ನು ಸಾಲು ಸಾಲಾಗಿ ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಋಣ ಚಿಹ್ನೆಯೋ ವರ್ಗಮೂಲವೋ ಹೆಚ್ಚಿಗೆ ಕಂಡರೆ ಆ ಬೆಲೆಯನ್ನು ತೆಗೆದುಹಾಕಿ ಬೇರೆಯದನ್ನು ಆರಿಸಿ. ನಮಸ್ಕಾರ.