ಹೊಸಬರಿಗೆ ಸಮಯ ಕೊಡಿ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ನಾನು ಆಟ ಕಲಿಸುವ ಮೇಷ್ಟ್ರುಗಳ, ಮೇಡಂಗಳ ಜೊತೆ ಮಾತಾಡಬೇಕು. ನಿಮ್ಮ ತರಗತಿಯಲ್ಲಿ ಚೆಂಡನ್ನು ಮೊನ್ನೆ ಮೊನ್ನೆ ಮುಟ್ಟಿದ ಮಕ್ಕಳೂ ಇರುತ್ತಾರೆ, ತಂಡಕ್ಕೆ ಆಡುವವರೂ ಇರುತ್ತಾರೆ. ಇಬ್ಬರನ್ನೂ ಒಂದೇ ವಾಲಿಬಾಲ್ ಆಟದಲ್ಲಿ ಆಡಿಸುವುದು ಹೇಗೆ?

ನನ್ನ ಉತ್ತರ ಒಂದೇ. ಹೊಸಬರಿಗೆ ಸಮಯ ಕೊಡಿ, ಬಲ್ಲವರಿಂದ ಸಮಯ ಕಿತ್ತುಕೊಳ್ಳಿ. ಚೆಂಡು ಎಲ್ಲಿ ಬೀಳುತ್ತದೆ ಅಂತ ನೋಡಿ, ಅಲ್ಲಿಗೆ ಓಡಿ, ಕೈ ಜೋಡಿಸುವಷ್ಟರಲ್ಲಿ ಹೊಸಬರ ಚೆಂಡು ನೆಲ ಮುಟ್ಟಿರುತ್ತದೆ. ಬಲ್ಲವರಿಗೆ ಅದೇ ಚೆಂಡಿಗೆ ಕಾದು ನಿಲ್ಲುವಷ್ಟು ಪುರಸೊತ್ತು. ಜಾಗ, ಸಲಕರಣೆ, ನಿಯಮ, ಈ ಮೂರೂ ಆ ಸಮಯವನ್ನು ಹಿಗ್ಗಿಸುವ, ಕುಗ್ಗಿಸುವ ದಾರಿಗಳು.

ಒಂದು ತರಗತಿಯ ಕತೆ ಹೇಳುತ್ತೇನೆ. ಒಂದು ಕಡೆಗೆ ಆರು ಜನ. ಒಬ್ಬ ಎತ್ತರದ ಹುಡುಗ ಬಂದ ಚೆಂಡನ್ನೆಲ್ಲ ತಾನೇ ಹೊಡೆಯುತ್ತಿದ್ದ. ಹಿಂದಿನ ಮೂಲೆಯ ಹುಡುಗಿ ಹತ್ತು ನಿಮಿಷದಲ್ಲಿ ಒಂದು ಸಲವೂ ಚೆಂಡು ಮುಟ್ಟಲಿಲ್ಲ. ನಾನು ಪಕ್ಕದಲ್ಲಿ ಕೂತು ಎಣಿಸಿದ್ದೆ. "ನೀನು ಸ್ಮ್ಯಾಶ್ ಮಾಡಬೇಡ" ಅಂದೆ ಹುಡುಗನಿಗೆ. ಅವನು ಸುಮ್ನೆ ಕೈ ಕಟ್ಟಿ ನಿಂತ. ಹುಡುಗಿಗೆ ಆಗಲೂ ಚೆಂಡು ಸಿಗಲಿಲ್ಲ. ತಪ್ಪು ನನ್ನದೇ. ಅವನ ಆಟ ಕಿತ್ತುಕೊಂಡಿದ್ದೆ, ಅವಳಿಗೆ ಏನನ್ನೂ ಕೊಟ್ಟಿರಲಿಲ್ಲ.

ಮರುದಿನ ನೆಟ್ಟನ್ನೇ ಓರೆಯಾಗಿ ಕಟ್ಟಿದೆ. ಒಂದು ತುದಿ 2.20 ಮೀಟರ್, ಇನ್ನೊಂದು 1.70. ಮಸ್ಕಾ ಮಾಸ್ಟನ್ ಎಂಬ ಶಿಕ್ಷಣ ತಜ್ಞರು ಎತ್ತರ ಜಿಗಿತಕ್ಕೆ ಹಗ್ಗವನ್ನು ಹೀಗೆ ಓರೆ ಕಟ್ಟಿ, ಎಲ್ಲಿ ಹಾರಬೇಕು ಅನ್ನುವುದನ್ನು ಮಕ್ಕಳಿಗೇ ಬಿಡಬೇಕು ಅಂದಿದ್ದರು. ಅದನ್ನೇ ನೆಟ್ಟಿಗೆ ತಂದೆ. ಎರಡೇ ನಿಮಿಷದಲ್ಲಿ ಏನಾಯಿತು ಗೊತ್ತೇ? ಎತ್ತರದ ಹುಡುಗ ತಗ್ಗಿನ ತುದಿಗೇ ಬಂದು ಸ್ಮ್ಯಾಶ್ ಹೊಡೆಯತೊಡಗಿದ! ಎದುರಿಗೆ ನಿಂತ ಮಕ್ಕಳು ಮುಖ ಮುಚ್ಚಿಕೊಂಡರು. ಬರೀ ಸಲಕರಣೆ ಬದಲಿಸಿದರೆ ಸಾಲದು, ಜೊತೆಗೆ ನಿಯಮವೂ ಬೇಕು.

ಎರಡು ನಿಯಮ ತಂದೆ. ಸ್ಮ್ಯಾಶ್ ನೆಟ್ಟು ಎತ್ತರವಿರುವ ಅರ್ಧದಲ್ಲಿ ಮಾತ್ರ. ಅದೂ ನೆಟ್ಟಿನಿಂದ ಮೂರು ಮೀಟರ್ ದೂರದ ದಾಳಿ ಗೆರೆಯ ಹಿಂದಿನಿಂದಲೇ ಜಿಗಿಯಬೇಕು. ಈಗ ಅವನು ದೂರದಿಂದ ಓಡಿಬಂದು, ಜಿಗಿತದ ಹೊತ್ತನ್ನು ಸರಿಯಾಗಿ ಹಿಡಿಯಬೇಕು. ಅವನ ಪುರಸೊತ್ತು ಹೋಯಿತು. ಇನ್ನೊಂದು ನಿಯಮ ಹೊಸಬರಿಗೆ: ಚೆಂಡು ಒಂದು ಸಲ ಪುಟಿದ ಮೇಲೆ ಆಡಬಹುದು. ಆ ಒಂದು ಪುಟಿತ ಇದೆಯಲ್ಲ, ಅದೇ ಸಮಯ! ಮೂಲೆಯ ಹುಡುಗಿ ಈಗ ಚೆಂಡಿನ ಕೆಳಗೆ ಹೋಗಿ ನಿಲ್ಲುತ್ತಿದ್ದಳು. ಅವಳು ಎತ್ತಿ ಕೊಟ್ಟ ಚೆಂಡನ್ನೇ ಅವನು ಹೊಡೆಯಬೇಕಿತ್ತು.

ಮೊದಲು ನಾನು ಪುಟಿಸದೆ ಆಡಿದರೆ ಎರಡು ಅಂಕ, ಪುಟಿಸಿದರೆ ಒಂದು ಅಂತ ಇಟ್ಟಿದ್ದೆ. ತಂಡದವರೆಲ್ಲ ಅವಳ ಮೇಲೆ "ಬಿಡಬೇಡ, ಬಿಡಬೇಡ" ಅಂತ ಕೂಗಾಡಿದರು. ಕೊಟ್ಟ ಸಮಯವನ್ನು ಅಂಕದ ಆಸೆ ವಾಪಸ್ ಕಸಿಯಿತು. ಅಂಕದ ಲೆಕ್ಕ ಕೈಬಿಟ್ಟೆ. ಪುಟಿಸುವುದು ಬೇಕೋ ಬೇಡವೋ ಅನ್ನುವುದನ್ನು ಆಟಕ್ಕೆ ಮುಂಚೆ ಮಕ್ಕಳೇ ಹೇಳಲಿ. ಯಾರಿಗೂ ನೀವಾಗಿ "ಇವನು ಹೊಸಬ" ಅಂತ ಹಣೆಪಟ್ಟಿ ಕಟ್ಟಬೇಡಿ, ದಯವಿಟ್ಟು.

ಅಯ್ಯೋ, ಹೊತ್ತು ಓಡುತ್ತಿದೆ. ಜಾಗದ ಬಗ್ಗೆ ಬೇಗ ಹೇಳುತ್ತೇನೆ. ಸರ್ವ್ ಮಾಡಲು ಹೊಸಬರು ನೆಟ್ಟಿಗೆ ನಾಲ್ಕೈದು ಮೀಟರ್ ದೂರದಲ್ಲಿ ನಿಲ್ಲಲಿ. ಬಲ್ಲವರು ಒಂಬತ್ತು ಮೀಟರ್ ದೂರದ ಕೊನೆ ಗೆರೆಯ ಆಚೆಯಿಂದಲೇ ಹೊಡೆಯಲಿ, ಎದುರಿನ ಅಂಕಣದ ಕೊನೆಯ ಮೂರು ಮೀಟರಿನೊಳಗೆ ಬೀಳಿಸಲಿ. ಚೆಂಡು ಹಗುರವಾಗಿದ್ದರೆ ನಿಧಾನ ಬರುತ್ತದೆ, ಒಳ್ಳೆಯದೇ. ಆದರೆ ಅದು ಎಲ್ಲರಿಗೂ ನಿಧಾನ. ಹಗುರ ಚೆಂಡು ತಂದ ದಿನ ಬಲ್ಲವರ ನಿಯಮ ಇನ್ನೊಂಚೂರು ಬಿಗಿಯಾಗಬೇಕು.

ಸರಿಹೋಯಿತಾ ಅಂತ ತಿಳಿಯಲು ಒಂದು ಮಗುವನ್ನು ಆರಿಸಿ, ಅದರ ಕಡೆ ಬಂದ ಹತ್ತು ಚೆಂಡು ಎಣಿಸಿ. ಆರೇಳು ಸಲ ಚೆಂಡು ಚೆನ್ನಾಗಿ ಎದ್ದರೆ ಹಾಗೇ ಬಿಡಿ. ಒಂಬತ್ತು ಹತ್ತು ಆದರೆ ಅವನಿಂದ ಸ್ವಲ್ಪ ಸಮಯ ಕಿತ್ತುಕೊಳ್ಳಿ. ಮೂರಕ್ಕಿಂತ ಕಡಿಮೆ ಆದರೆ ಇನ್ನಷ್ಟು ಕೊಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದು ಕೆಲಸ ಮಾಡಿತು ಅಂತ ನಿಮಗೇ ಗೊತ್ತಾಗುವುದಿಲ್ಲ. ನಮಸ್ಕಾರ.