ಕವಿತೆ ಹೊರಳುವ ಮುನ್ನ

ನಮಸ್ಕಾರ. ಈ ನಾಲ್ಕು ಸಾಲು ಕೇಳಿ.

ರಾಟೆ ಕಿರುಗುಟ್ಟುತ್ತದೆ,
ಹಗ್ಗ ತೊಟ್ಟಿಕ್ಕುತ್ತದೆ,
ಕಟ್ಟೆಯ ತುಂಬ ಪಾಚಿ.
ಆದರೆ ಅಮ್ಮ, ನೀನೀಗ ಇಲ್ಲ.

ನಾಲ್ಕನೇ ಸಾಲಿನಲ್ಲಿ ಕವಿತೆ ಹೊರಳುತ್ತದೆ, ನಿಜ. ಆದರೆ ನಮ್ಮನ್ನು ಕರೆದುಕೊಂಡು ಹೋಗುವುದಿಲ್ಲ, ಹಿಂದಿನಿಂದ ನೂಕುತ್ತದೆ. ಮೊದಲ ಮೂರು ಸಾಲಿನಲ್ಲಿ ಅಮ್ಮನ ಸುಳಿವೇ ಇಲ್ಲ, ಬಾವಿಯ ಬದಲು ತುಳಸಿಕಟ್ಟೆ ತಂದಿಟ್ಟರೂ ಕೊನೆಯ ಸಾಲು ಹಾಗೇ ಕೂತುಬಿಡುತ್ತದೆ. ತಿರುವು ಎಲ್ಲಿ ಬೇಕಾದರೂ ಅಂಟಿಕೊಳ್ಳುತ್ತದೆ ಎಂದರೆ ಅದು ಈ ಕವಿತೆಯದಲ್ಲ.

ಇಂಥಲ್ಲಿ ಬಹಳ ಜನ ಕೊನೆಯ ಸಾಲನ್ನೇ ತಿದ್ದಲು ಕೂರುತ್ತಾರೆ. ನನ್ನ ಪ್ರಕಾರ ತಿದ್ದಬೇಕಾದ್ದು ಮೇಲಿನ ಸಾಲುಗಳನ್ನು. ಹೀಗೆ ಮಾಡಿ ನೋಡೋಣ:

ಕಟ್ಟೆಯ ತುಂಬ ಪಾಚಿ,
ಅಮ್ಮ ಕಾಲೂರುವಲ್ಲಿ ಮಾತ್ರ ಬರಿಗಲ್ಲು.
ರಾಟೆ ಕಿರುಗುಟ್ಟುತ್ತದೆ,
ಹಗ್ಗ ತೊಟ್ಟಿಕ್ಕುತ್ತದೆ.
ಈ ಸಲದ ಮಳೆಗೆ
ಆ ಕಲ್ಲೂ ಹಸಿರಾಯಿತು.

ಎರಡನೇ ಸಾಲಿನ ಬರಿಗಲ್ಲು ಓದುವಾಗ ಬಾವಿಕಟ್ಟೆಯ ವರ್ಣನೆ, ಅಷ್ಟೇ. ದಿನಾ ತುಳಿದ ಜಾಗದಲ್ಲಿ ಪಾಚಿ ನಿಲ್ಲುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆ ಗೊತ್ತಿರುವ ಸಂಗತಿಯೇ ಕೊನೆಗೆ ತಿರುಗಿ ನಿಲ್ಲುತ್ತದೆ. ಸಾವು ಎಂಬ ಮಾತೇ ಬರಲಿಲ್ಲ, ಓದುಗ ತಾನೇ ಅಲ್ಲಿಗೆ ತಲುಪಿದ.

ನಡುವೆ ರಾಟೆ, ಹಗ್ಗದ ಎರಡು ಸಾಲು ಯಾಕೆ? ಬರಿಗಲ್ಲಿನ ಬೆನ್ನಿಗೇ ಹಸಿರು ಬಂದರೆ ಕವಿಯ ಕೈ ಕಾಣಿಸುತ್ತದೆ. ಓದುಗ ಕಲ್ಲನ್ನು ಕೊಂಚ ಮರೆಯಬೇಕು, ಪೂರ್ತಿ ಮರೆಯಬಾರದು. ಆರು ಸಾಲಿನ ಕವಿತೆಗೆ ಎರಡು ಸಾಲಿನ ಅಂತರ ಸಾಕು. ಹದಿನಾಲ್ಕು ಸಾಲಿನ ಸುನೀತದಲ್ಲಿ ಎಂಟರ ನಂತರ ಹೊರಳುವುದಾದರೆ, ಮೂರು ಅಥವಾ ನಾಲ್ಕನೇ ಸಾಲಿನಲ್ಲೇ ಬೀಜ ಬಿದ್ದಿರಲಿ. ಕೊನೆಯ ಎರಡು ಸಾಲಿನಲ್ಲಿ ಹೊರಳುವ ಬಗೆ ಇನ್ನೂ ಕಷ್ಟದ್ದು. ಅಲ್ಲಿ ವಿವರಿಸಲು ಜಾಗವೇ ಇರುವುದಿಲ್ಲ, ಹಾಗಾಗಿ ಮೇಲಿನ ಹನ್ನೆರಡೂ ಸಾಲು ಅದಕ್ಕಾಗಿ ದುಡಿದಿರಬೇಕು.

ಇನ್ನು ಕ್ರಿಯಾಪದ ಗಮನಿಸಿ. ಕಿರುಗುಟ್ಟುತ್ತದೆ, ತೊಟ್ಟಿಕ್ಕುತ್ತದೆ: ಇವೆಲ್ಲ ದಿನನಿತ್ಯ ನಡೆಯುವಂಥವು. ಹಸಿರಾಯಿತು ಎಂಬುದು ಒಮ್ಮೆ ಆಗಿ ಮುಗಿದದ್ದು. ‘ಆದರೆ’ ಮಾಡಬೇಕಿದ್ದ ಕೆಲಸವನ್ನು ಕಾಲದ ಬದಲಾವಣೆಯೇ ಮಾಡಿತು. ‘ಕಲ್ಲೂ’ ಎಂಬಲ್ಲಿನ ದೀರ್ಘವೂ ಸುಮ್ಮನೆ ಬಂದದ್ದಲ್ಲ: ಅದನ್ನು ತೆಗೆದರೆ ಎರಡನೇ ಸಾಲಿಗೆ ಹೋಗುವ ದಾರಿ ಸಡಿಲವಾಗುತ್ತದೆ. ವಾದ ಹೂಡುವ ಕವಿತೆಯಲ್ಲಿ ‘ಆದರೆ’ಗೆ ಖಂಡಿತ ಜಾಗವಿದೆ, ಚಿತ್ರ ಕಟ್ಟುವ ಕವಿತೆಯಲ್ಲಿ ಅದು ಬಹುಮಟ್ಟಿಗೆ ಊರುಗೋಲು.

ಬೀಜ ಸರಿಯಾಗಿ ಬಿದ್ದಿದೆಯೇ ಎಂದು ತಿಳಿಯಲು ಕೊನೆಯ ಎರಡು ಸಾಲು ಮುಚ್ಚಿ ಒಬ್ಬರಿಗೆ ಓದಲು ಕೊಡಿ. ಮುಂದೇನೆಂದು ಅವರು ಊಹಿಸಿಬಿಟ್ಟರೆ ಸುಳಿವು ಜೋರಾಯಿತು. ‘ಬರಿಗಲ್ಲು’ ಇರುವಲ್ಲಿ ‘ಏಕೋ ಖಾಲಿ ಖಾಲಿ’ ಎಂದು ಬರೆದರೆ ಆಗುವುದು ಇದೇ. ಎಲ್ಲ ತೋರಿಸಿದ ಮೇಲೂ ‘ಯಾವ ಕಲ್ಲು?’ ಎಂದು ಕೇಳಿದರೆ ಸುಳಿವು ಸಾಲದು. ಆಗಲೂ ಕೊನೆಯಲ್ಲಿ ವಿವರಣೆಯ ಸಾಲು ಸೇರಿಸಬೇಡಿ, ಎರಡನೇ ಸಾಲಿಗೇ ವಾಪಸ್ ಹೋಗಿ ಕೆಲಸ ಮಾಡಿ.